ಎಫ್‌ಡಿ ಬಡ್ಡಿಯಲ್ಲಿ ತೆರಿಗೆ ಕಳೆದು ಕೈಗೆ ಉಳಿಯುವುದೆಷ್ಟು? ಪಿಪಿಎಫ್ ಜೊತೆ ಹೋಲಿಸಿ ಲೆಕ್ಕ ಹಾಕುವ ಬಗೆ

ಬ್ಯಾಂಕಿನ ಬೋರ್ಡಿನಲ್ಲಿ ಎಫ್‌ಡಿಗೆ 6.5% ಎಂದಿರುತ್ತದೆ, ಪಿಪಿಎಫ್‌ಗೆ 7.1% ಎಂದಿರುತ್ತದೆ. ನೋಡಿದವರು ವ್ಯತ್ಯಾಸ ಅರ್ಧ ಶೇಕಡಾಕ್ಕಿಂತ ತುಸು ಹೆಚ್ಚು ಎಂದುಕೊಂಡು, ಹದಿನೈದು ವರ್ಷ ಯಾರು ಕಾಯುತ್ತಾರೆ ಎಂದು ಎಫ್‌ಡಿಗೇ ಹೋಗುತ್ತಾರೆ. ಆದರೆ ಎಫ್‌ಡಿ ಬಡ್ಡಿ ಪೂರ್ತಿ ತೆರಿಗೆಗೆ ಒಳಪಡುತ್ತದೆ, ಪಿಪಿಎಫ್ ಬಡ್ಡಿಗೆ ತೆರಿಗೆ ಇಲ್ಲ. ಹೀಗಾಗಿ ಎರಡು ದರಗಳನ್ನು ಹಾಗೇ ಪಕ್ಕಪಕ್ಕ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ವರ್ಷಕ್ಕೆ 12 ಲಕ್ಷದ ಆಸುಪಾಸಿನಲ್ಲಿ ಆದಾಯ ಇರುವವರಿಗಂತೂ ಈ ಹೋಲಿಕೆ ಎಲ್ಲರೂ ಊಹಿಸುವುದಕ್ಕಿಂತ ಬಹಳ ಬೇರೆ ಇರುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹಿರಿಯ ಉಪನ್ಯಾಸಕರು, ಎಂಜಿನಿಯರುಗಳು, ಗಣಿ ಮತ್ತು ಕಾರ್ಖಾನೆಗಳ ಅನುಭವಿ ನೌಕರರು ಅನೇಕರು ಈಗ ಸರಿಯಾಗಿ ಅದೇ ಜಾಗದಲ್ಲಿದ್ದಾರೆ. ಇಲ್ಲಿರುವ ಲೆಕ್ಕವೆಲ್ಲ 2025-26ರ ಹಣಕಾಸು ವರ್ಷದ್ದು, ಹೊಸ ತೆರಿಗೆ ಪದ್ಧತಿಯದು. ಬೇರೆ ವರ್ಷಕ್ಕೆ ಲೆಕ್ಕ ಹಾಕುವಾಗ ಆ ವರ್ಷದ ದರಗಳನ್ನು ಇಟ್ಟುಕೊಳ್ಳಿ. ಕ್ರಮ ಇದೇ.

ಮೊದಲು ಎಫ್‌ಡಿಯ ನಿಜವಾದ ವಾರ್ಷಿಕ ದರ ತೆಗೆಯಿರಿ

ಬಡ್ಡಿಯನ್ನು ಅಸಲಿಗೆ ಸೇರಿಸುತ್ತ ಹೋಗುವ ಎಫ್‌ಡಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಕಟ್ಟುತ್ತವೆ. 6.5% ಎಂದರೆ ಪ್ರತಿ ತ್ರೈಮಾಸಿಕಕ್ಕೆ 1.625%. ನಾಲ್ಕು ಸಲ ಸೇರಿದಾಗ ವರ್ಷಕ್ಕೆ 6.66% ಆಗುತ್ತದೆ. 10 ಲಕ್ಷಕ್ಕೆ ಮೊದಲ ವರ್ಷದ ಬಡ್ಡಿ 66,602 ರೂಪಾಯಿ. ಪಿಪಿಎಫ್‌ನಲ್ಲಿ ವರ್ಷಕ್ಕೊಮ್ಮೆ ಮಾತ್ರ ಬಡ್ಡಿ ಸೇರುವುದರಿಂದ 7.1% ಎಂದರೆ 7.1%ಯೇ.

ಎಫ್‌ಡಿ ಜಾಹೀರಾತಿನಲ್ಲಿ ಇನ್ನೊಂದು ಅಂಕಿ ಕಾಣಿಸುವುದುಂಟು. ಐದು ವರ್ಷದ ಎಫ್‌ಡಿಗೆ 6.5% ದರದಲ್ಲಿ ಒಟ್ಟು ಬೆಳವಣಿಗೆ 38.04%. ಅದನ್ನು ಐದರಿಂದ ಭಾಗಿಸಿ "ವಾರ್ಷಿಕ ಇಳುವರಿ 7.61%" ಎಂದು ಬರೆದಿರುತ್ತಾರೆ. ಚಕ್ರಬಡ್ಡಿಯ ಮೊತ್ತವನ್ನು ಸರಳಬಡ್ಡಿಯಂತೆ ಹಂಚಿದ ಅಂಕಿ ಅದು. ಅದನ್ನು ಪಿಪಿಎಫ್‌ನ 7.1% ಪಕ್ಕ ಇಟ್ಟರೆ ಎಫ್‌ಡಿಯೇ ಮೇಲು ಅನ್ನಿಸುತ್ತದೆ, ಅದು ತಪ್ಪು ಹೋಲಿಕೆ. ಹೋಲಿಸಬೇಕಾದ ಅಂಕಿ 6.66%.

ಬಡ್ಡಿಯ ಮೇಲೆ ನಿಮಗೆ ಬೀಳುವ ದರ ಯಾವುದು?

ಎಫ್‌ಡಿ ಬಡ್ಡಿ ನಿಮ್ಮ ಸಂಬಳದ ಮೇಲೆ ಬಂದು ಕೂರುತ್ತದೆ. ಆದ್ದರಿಂದ ನೋಡಬೇಕಾದ್ದು ಸರಾಸರಿ ತೆರಿಗೆಯನ್ನಲ್ಲ, ನಿಮ್ಮ ಆದಾಯದ ಕೊನೆಯ ರೂಪಾಯಿ ಯಾವ ಹಂತದಲ್ಲಿದೆ ಎಂಬುದನ್ನು. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ, 8 ಲಕ್ಷದವರೆಗೆ 5%, 12 ಲಕ್ಷದವರೆಗೆ 10%, 16 ಲಕ್ಷದವರೆಗೆ 15%, 20 ಲಕ್ಷದವರೆಗೆ 20%, 24 ಲಕ್ಷದವರೆಗೆ 25%, ಅದರ ಮೇಲೆ 30%. ಇದರ ಮೇಲೆ 4% ಸೆಸ್ ಸೇರಿಸಿದರೆ 15% ಎಂಬುದು 15.6% ಆಗುತ್ತದೆ, 20% ಎಂಬುದು 20.8%, 30% ಎಂಬುದು 31.2%.

ಈಗ ಸೂತ್ರ ಸುಲಭ:

```
ಕೈಗೆ ಉಳಿಯುವ ದರ = ಎಫ್‌ಡಿ ವಾರ್ಷಿಕ ದರ × (1 − ತೆರಿಗೆ ದರ)
ಸರಿಸಮ ಎಫ್‌ಡಿ ದರ = ತೆರಿಗೆರಹಿತ ದರ ÷ (1 − ತೆರಿಗೆ ದರ)
```

15.6% ಬೀಳುವವರಿಗೆ 6.66% ಎಫ್‌ಡಿ ಉಳಿಸುವುದು 5.62%. 20.8% ಬೀಳುವವರಿಗೆ 5.27%. 31.2% ಬೀಳುವವರಿಗೆ 4.58%. ಎರಡನೆಯ ಸೂತ್ರ ತಿರುಗುಮುರುಗು ಲೆಕ್ಕ: ಪಿಪಿಎಫ್‌ನ 7.1%ಗೆ ಸಮನಾಗಲು ಎಫ್‌ಡಿ ಎಷ್ಟು ಕೊಡಬೇಕು? 15.6% ಹಂತದವರಿಗೆ 8.41%, 20.8% ಹಂತದವರಿಗೆ 8.96%, 31.2% ಹಂತದವರಿಗೆ 10.32%. ಇವು ವಾರ್ಷಿಕ ದರಗಳು, ಬೋರ್ಡಿನ ದರಗಳಲ್ಲ ಎಂಬುದು ನೆನಪಿರಲಿ.

ನಮ್ಮ ಭಾಗದಲ್ಲಿ ಸೌಹಾರ್ದ ಸಹಕಾರಿಗಳು ಬ್ಯಾಂಕಿಗಿಂತ ಹೆಚ್ಚಿನ ಬಡ್ಡಿ ಕೊಡುತ್ತವೆ. 9% ಎಂದು ಕಂಡಾಗ ಸರಿಸಮ ದರ ದಾಟಿತಲ್ಲ ಅನ್ನಿಸಬಹುದು. ಲೆಕ್ಕಕ್ಕೆ ದಾಟಿದರೂ ಅಲ್ಲಿನ ಠೇವಣಿಗೆ ಠೇವಣಿ ವಿಮಾ ನಿಗಮ ಡಿಐಸಿಜಿಸಿಯ 5 ಲಕ್ಷದ ವಿಮೆ ಇಲ್ಲ. ಆ ವಿಮೆ ಇರುವುದು ಬ್ಯಾಂಕುಗಳಿಗೆ ಮತ್ತು ಸಹಕಾರಿ ಬ್ಯಾಂಕುಗಳಿಗೆ, ಪತ್ತಿನ ಸಹಕಾರಿ ಸಂಘಗಳಿಗಲ್ಲ. ಅಲ್ಲಿ ಟಿಡಿಎಸ್ ಕಡಿತವಾಗದಿದ್ದರೂ ಆ ಬಡ್ಡಿ ನಿಮ್ಮ ಆದಾಯವೇ, ರಿಟರ್ನಿನಲ್ಲಿ ತೋರಿಸಲೇಬೇಕು. ಹೆಚ್ಚಿನ ಬಡ್ಡಿಯ ಒಂದು ಭಾಗ ಆ ಅಪಾಯಕ್ಕೆ ಕೊಟ್ಟ ಬೆಲೆ ಎಂದೇ ತಿಳಿಯಿರಿ.

12 ಲಕ್ಷದ ಗಡಿಯಲ್ಲಿ ಸೂತ್ರ ಕೈಕೊಡುತ್ತದೆ

ಮೇಲಿನ ಸೂತ್ರ ಒಂದು ಕಡೆ ಪೂರ್ತಿ ತಪ್ಪುತ್ತದೆ. ಆ ಜಾಗ 12 ಲಕ್ಷ.

ತೆರಿಗೆಗೆ ಒಳಪಡುವ ಆದಾಯ 12 ಲಕ್ಷದೊಳಗಿದ್ದರೆ 60,000 ರೂಪಾಯಿವರೆಗಿನ ತೆರಿಗೆಯನ್ನು 87ಎ ರಿಬೇಟ್ ಪೂರ್ತಿ ಅಳಿಸುತ್ತದೆ, ತೆರಿಗೆ ಸೊನ್ನೆ. ಸಂಬಳದಾರರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಇರುವುದರಿಂದ 12.75 ಲಕ್ಷ ಸಂಬಳದವರೆಗೂ ಇದು ಸಿಗುತ್ತದೆ. 12 ಲಕ್ಷ ದಾಟಿದ ತಕ್ಷಣ ರಿಬೇಟ್ ಹೋಗುತ್ತದೆ. ಒಂದು ರೂಪಾಯಿ ಹೆಚ್ಚಾಗಿದ್ದಕ್ಕೆ 60,000 ಕಟ್ಟುವಂತಾಗಬಾರದೆಂದು ಮಾರ್ಜಿನಲ್ ರಿಲೀಫ್ ಕೊಟ್ಟಿದ್ದಾರೆ: ತೆರಿಗೆ 12 ಲಕ್ಷ ದಾಟಿದ ಮೊತ್ತಕ್ಕಿಂತ ಹೆಚ್ಚಾಗುವಂತಿಲ್ಲ. ಕೇಳಲು ಒಳ್ಳೆಯದೇ. ಆದರೆ ಇದರ ಇನ್ನೊಂದು ಮುಖವನ್ನು ಗಮನಿಸಿ. 12 ಲಕ್ಷದಿಂದ 12,70,588 ರೂಪಾಯಿವರೆಗೆ ಗಳಿಸಿದ ಪ್ರತಿ ರೂಪಾಯಿಯೂ ಪೂರ್ತಿ ತೆರಿಗೆಗೆ ಹೋಗುತ್ತದೆ, ಅದರ ಮೇಲೆ 4% ಸೆಸ್ ಬೇರೆ. ಅಂದರೆ ಈ ಅಂತರದಲ್ಲಿ ಬಿದ್ದ ಬಡ್ಡಿಯ ಮೇಲಿನ ದರ 15.6% ಅಲ್ಲ, 104%.

ಒಂದು ಉದಾಹರಣೆಯನ್ನು ಪೂರ್ತಿ ಮಾಡಿ ನೋಡೋಣ. ಸಿಂಧನೂರಿನ ಒಬ್ಬ ಪಿಯು ಉಪನ್ಯಾಸಕಿ, ವರ್ಷದ ಸಂಬಳ 12,30,000. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 11,55,000. ಸಂಬಳ ಒಂದೇ ಆಗಿದ್ದರೆ ತೆರಿಗೆ ಸೊನ್ನೆ. ಅವರ ಹೆಸರಿನಲ್ಲಿ 10 ಲಕ್ಷದ ಎಫ್‌ಡಿ ಇದೆ, 6.5% ದರ.

ಬಡ್ಡಿ 66,602 ಸೇರಿ ಆದಾಯ 12,21,602. ಹತ್ತಕ್ಕೆ ಹೊಂದಿಸಿದರೆ 12,21,600. ಹಂತಗಳ ಪ್ರಕಾರ ತೆರಿಗೆ 63,240, ಆದರೆ ಮಾರ್ಜಿನಲ್ ರಿಲೀಫಿನಿಂದ 21,600ಕ್ಕೆ ಇಳಿಯುತ್ತದೆ. ಸೆಸ್ 864 ಸೇರಿ ಒಟ್ಟು 22,464. ಎಫ್‌ಡಿ ಇಲ್ಲದಿದ್ದರೆ ಈ ತೆರಿಗೆ ಇರುತ್ತಲೇ ಇರಲಿಲ್ಲ, ಆದ್ದರಿಂದ ಪೂರ್ತಿ ಎಫ್‌ಡಿಯ ಲೆಕ್ಕಕ್ಕೇ ಹಾಕಬೇಕು. ಕೈಗೆ ಉಳಿದದ್ದು 44,138, ಅಂದರೆ 4.41%. "15% ಹಂತ" ಎಂದು ಸೂತ್ರ ಹಾಕಿದ್ದರೆ 5.62% ಎನ್ನುತ್ತಿತ್ತು.

ಇದನ್ನೇ ಒಡೆದು ನೋಡಿದರೆ ವಿಷಯ ಇನ್ನೂ ಸ್ಪಷ್ಟ. 12 ಲಕ್ಷ ತಲುಪಲು ಅವರಿಗೆ 45,000 ರೂಪಾಯಿ ಬಡ್ಡಿಯ ಜಾಗವಿತ್ತು. ಅಷ್ಟು ಬಡ್ಡಿ ಬರುವುದು ಸುಮಾರು 6.75 ಲಕ್ಷಕ್ಕೆ, ಆ ಭಾಗಕ್ಕೆ ತೆರಿಗೆಯೇ ಇಲ್ಲ. ಉಳಿದ 3.25 ಲಕ್ಷ ಸುಮಾರು 21,600 ತಂದು 22,464 ತೆಗೆದುಕೊಂಡು ಹೋಗುತ್ತದೆ. ಆ ಹಣವನ್ನು ಚಾಲ್ತಿ ಖಾತೆಯಲ್ಲಿ ಸುಮ್ಮನೆ ಇಟ್ಟಿದ್ದರೂ ಇದಕ್ಕಿಂತ ಮೇಲಿತ್ತು.

ನಿಮ್ಮ ಲೆಕ್ಕಕ್ಕೆ ಸೂತ್ರ ನಂಬುವ ಬದಲು ಹೀಗೆ ಮಾಡಿ: ಆದಾಯ ತೆರಿಗೆ ಇಲಾಖೆಯ ಪೋರ್ಟಲ್ಲಿನ ತೆರಿಗೆ ಕ್ಯಾಲ್ಕುಲೇಟರಿನಲ್ಲಿ ಬಡ್ಡಿ ಸೇರಿಸಿ ಒಮ್ಮೆ, ಬಡ್ಡಿ ಬಿಟ್ಟು ಒಮ್ಮೆ ತೆರಿಗೆ ತೆಗೆಯಿರಿ. ಎರಡರ ವ್ಯತ್ಯಾಸವೇ ಬಡ್ಡಿಯ ಮೇಲಿನ ತೆರಿಗೆ. ಯಾವ ಹಂತದವರಿಗೂ ಈ ವಿಧಾನ ತಪ್ಪುವುದಿಲ್ಲ.

ಹಣವನ್ನು ಮರುಹಂಚುವುದು

ಪಿಪಿಎಫ್‌ಗೆ ಒಂದು ಹಣಕಾಸು ವರ್ಷದಲ್ಲಿ ಹಾಕಬಹುದಾದದ್ದು 1.5 ಲಕ್ಷ ಮಾತ್ರ. ಅಪ್ರಾಪ್ತ ಮಗುವಿನ ಹೆಸರಿನಲ್ಲಿ ಖಾತೆ ಇದ್ದರೆ ಅದೂ ಸೇರಿ 1.5 ಲಕ್ಷ. ಗಂಡ ಅಥವಾ ಹೆಂಡತಿಯ ಖಾತೆಗೆ ಬೇರೆಯೇ ಮಿತಿ. ಮಾರ್ಚ್ ಕೊನೆ ಮತ್ತು ಏಪ್ರಿಲ್ ಮೊದಲ ವಾರ ಬೇರೆ ಬೇರೆ ಹಣಕಾಸು ವರ್ಷಗಳಿಗೆ ಸೇರಿದವು. ಆದ್ದರಿಂದ ಎಫ್‌ಡಿ ಮಾರ್ಚ್‌ನಲ್ಲಿ ಮುಗಿಯುವಂತಿದ್ದರೆ ಕೆಲವೇ ದಿನಗಳ ಅಂತರದಲ್ಲಿ 3 ಲಕ್ಷ ಹಾಕಬಹುದು: ಮಾರ್ಚ್ 31ರೊಳಗೆ 1.5 ಲಕ್ಷ, ಏಪ್ರಿಲ್ 5ರೊಳಗೆ 1.5 ಲಕ್ಷ.

ಈ 5ನೇ ತಾರೀಖು ಸುಮ್ಮನೆ ಹೇಳಿದ್ದಲ್ಲ. ಪಿಪಿಎಫ್‌ನಲ್ಲಿ ಪ್ರತಿ ತಿಂಗಳ 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲೆ ಬಡ್ಡಿ ಲೆಕ್ಕ ಹಾಕುತ್ತಾರೆ. 1.5 ಲಕ್ಷವನ್ನು ಏಪ್ರಿಲ್ 5ರೊಳಗೆ ಹಾಕಿದರೆ ವರ್ಷಕ್ಕೆ 10,650 ಬಡ್ಡಿ. 6ಕ್ಕೆ ಹಾಕಿದರೆ ಏಪ್ರಿಲ್ ತಿಂಗಳ ಬಡ್ಡಿಯೇ ಇಲ್ಲ, 887 ರೂಪಾಯಿ 50 ಪೈಸೆ ಹೋದಂತೆ. ಚೆಕ್ ಕೊಟ್ಟರೆ ಅದು ಪಾಸಾಗಿ ಖಾತೆಗೆ ಜಮೆಯಾದ ದಿನವೇ ಲೆಕ್ಕ. ಏಪ್ರಿಲ್ ಮೊದಲ ವಾರ ಬ್ಯಾಂಕಿನ ವರ್ಷಾಂತ್ಯದ ಕೆಲಸ, ರಜೆ ಇರುವುದರಿಂದ ನೆಟ್ ಬ್ಯಾಂಕಿಂಗಿನಲ್ಲಿ ಹಾಕುವುದೇ ಖಾತ್ರಿ.

ಉಪನ್ಯಾಸಕಿಯ 10 ಲಕ್ಷವನ್ನು ಹೀಗೆ ಹಂಚಬಹುದು. 6.25 ಲಕ್ಷ ಎಫ್‌ಡಿಯಲ್ಲೇ ಇರಲಿ, ಬಡ್ಡಿ 41,626. 3 ಲಕ್ಷ ಅವರ ಪಿಪಿಎಫ್‌ಗೆ, ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ. 75,000 ಗಂಡನ ಪಿಪಿಎಫ್‌ಗೆ. 3.75 ಲಕ್ಷಕ್ಕೆ 7.1% ಎಂದರೆ 26,625. ಒಟ್ಟು 68,251, ತೆರಿಗೆ ಸೊನ್ನೆ. ಮೊದಲು ಉಳಿಯುತ್ತಿದ್ದ 44,138ಕ್ಕೆ ಹೋಲಿಸಿದರೆ ವರ್ಷಕ್ಕೆ 24,113 ಹೆಚ್ಚು.

ಎಫ್‌ಡಿಯಲ್ಲಿ 6.75 ಲಕ್ಷ ಇಡಬಹುದಾಗಿದ್ದರೂ 6.25ಕ್ಕೆ ನಿಲ್ಲಿಸಿದ್ದಕ್ಕೆ ಕಾರಣವಿದೆ. ಉಳಿತಾಯ ಖಾತೆಯ ಬಡ್ಡಿಯೂ ಆದಾಯವೇ, ಹೊಸ ಪದ್ಧತಿಯಲ್ಲಿ ಅದಕ್ಕೆ 10,000ದ ವಿನಾಯಿತಿ ಇಲ್ಲ. 6.25 ಲಕ್ಷ ಇಟ್ಟರೆ ಆದಾಯ 11,96,626ಕ್ಕೆ ನಿಂತು, ಉಳಿತಾಯ ಖಾತೆಯ ಬಡ್ಡಿಗೆ ಮೂರು ಸಾವಿರ ಚಿಲ್ಲರೆ ಜಾಗ ಉಳಿಯುತ್ತದೆ. ತುಟ್ಟಿಭತ್ಯೆ ಬಾಕಿ ಬರುವಂತಿದ್ದರೆ ಇನ್ನೂ ಹೆಚ್ಚು ಜಾಗ ಬಿಡಿ.

ಗಂಡನ ಹೆಸರಿನಲ್ಲಿ ಎಫ್‌ಡಿ ಮಾಡಿದರೆ ಆಗದೇ ಎಂದು ಕೇಳುವವರಿದ್ದಾರೆ. ಹೆಂಡತಿ ಕೊಟ್ಟ ಹಣದಿಂದ ಗಂಡನ ಹೆಸರಿನಲ್ಲಿ ಮಾಡಿದ ಎಫ್‌ಡಿಯ ಬಡ್ಡಿಯನ್ನು ಕಾನೂನು ಹೆಂಡತಿಯ ಆದಾಯಕ್ಕೇ ಸೇರಿಸುತ್ತದೆ. ಗಂಡ ಕೊಟ್ಟು ಹೆಂಡತಿಯ ಹೆಸರಿನಲ್ಲಿ ಮಾಡಿದರೂ ಅಷ್ಟೇ. ಪಿಪಿಎಫ್‌ಗೆ ಹಾಕಿದರೂ ಅದೇ ನಿಯಮ, ಆದರೆ ಅಲ್ಲಿನ ಬಡ್ಡಿಗೆ ತೆರಿಗೆಯೇ ಇಲ್ಲದ್ದರಿಂದ ಸೇರಿಸಲು ಏನೂ ಇರುವುದಿಲ್ಲ.

ಹೊಸ ಪದ್ಧತಿಯಲ್ಲಿ ಪಿಪಿಎಫ್‌ಗೆ ಹಾಕಿದ ಹಣಕ್ಕೆ 80ಸಿ ವಿನಾಯಿತಿ ಇಲ್ಲ. "80ಸಿ ಹೋಯಿತು, ಇನ್ನು ಪಿಪಿಎಫ್ ಯಾಕೆ" ಎಂದು ಖಾತೆಗೆ ಹಣ ಹಾಕುವುದನ್ನೇ ಬಿಟ್ಟವರಿದ್ದಾರೆ. ಬಡ್ಡಿಯ ಮೇಲಿನ ವಿನಾಯಿತಿ ಎರಡೂ ಪದ್ಧತಿಗಳಲ್ಲಿ ಹಾಗೇ ಇದೆ, ಇಲ್ಲಿ ನಮಗೆ ಬೇಕಾದ್ದೂ ಅದೇ.

ಭತ್ತದ ಆದಾಯ ಇರುವವರು

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಗಂಗಾವತಿ, ಕಾರಟಗಿ, ಸಿಂಧನೂರು ಕಡೆ, ನೌಕರಿಯ ಜೊತೆ ಹೊಲವೂ ಇರುವ ಮನೆಗಳು ಬಹಳ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ನಿವ್ವಳ ಕೃಷಿ ಆದಾಯ 5,000 ದಾಟಿ, ಉಳಿದ ಆದಾಯವೂ 4 ಲಕ್ಷ ದಾಟಿದ್ದರೆ, ಯಾವ ಹಂತದ ದರ ಬೀಳಬೇಕು ಎಂದು ನಿರ್ಧರಿಸುವಾಗ ಕೃಷಿ ಆದಾಯವನ್ನೂ ಸೇರಿಸುತ್ತಾರೆ. ಎರಡೂ ಆದಾಯ ಕೂಡಿಸಿ ತೆರಿಗೆ ತೆಗೆದು, ಅದರಲ್ಲಿ "ಕೃಷಿ ಆದಾಯ ಜೊತೆಗೆ 4 ಲಕ್ಷ" ಇದರ ಮೇಲಿನ ತೆರಿಗೆಯನ್ನು ಕಳೆಯುವುದು ಕ್ರಮ.

ಇದರ ಪರಿಣಾಮ ಎಫ್‌ಡಿಯ ಮೇಲೆ ಬೀಳುತ್ತದೆ. ಸಂಬಳದಿಂದ ತೆರಿಗೆಗೊಳಪಡುವ ಆದಾಯ 13.5 ಲಕ್ಷ, ಹೊಲದಿಂದ ನಿವ್ವಳ 3 ಲಕ್ಷ, ಎಫ್‌ಡಿ ಬಡ್ಡಿ 50,000 ಎಂದಿಟ್ಟುಕೊಳ್ಳಿ. ಹೊಲ ಇಲ್ಲದಿದ್ದರೆ ಬಡ್ಡಿ 15% ಹಂತದಲ್ಲಿ ಬೀಳುತ್ತಿತ್ತು, ತೆರಿಗೆ 7,800. ಹೊಲದ 3 ಲಕ್ಷ ಸೇರಿದಾಗ ಬಡ್ಡಿ 16.5ರಿಂದ 17 ಲಕ್ಷದ ನಡುವೆ, 20% ಹಂತದಲ್ಲಿ ಬೀಳುತ್ತದೆ, ತೆರಿಗೆ 10,400. ಅದೇ ಎಫ್‌ಡಿ, ಅದೇ ಸಂಬಳ, ಉಳಿಯುವ ದರ ಮಾತ್ರ 5.62%ರಿಂದ 5.27%ಗೆ ಇಳಿಯಿತು. ಪಿಪಿಎಫ್ ಬಡ್ಡಿ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ದಲ್ಲಾಳಿ ಅಂಗಡಿಯ ಪಟ್ಟಿಯಲ್ಲಿರುವ ಮೊತ್ತವನ್ನೇ ಆದಾಯವೆಂದು ಬರೆಯಬೇಡಿ. ಬೀಜ, ಗೊಬ್ಬರ, ಔಷಧಿ, ಕೂಲಿ, ಕಟಾವು ಯಂತ್ರದ ಬಾಡಿಗೆ ಕಳೆದು ಉಳಿದದ್ದು ನಿವ್ವಳ ಆದಾಯ, ಅದಕ್ಕೆ ಚೀಟಿಗಳನ್ನು ಇಟ್ಟುಕೊಳ್ಳಿ. ಹೊಲ ತಂದೆಯ ಹೆಸರಿನಲ್ಲಿದ್ದು ಆದಾಯವೂ ಅವರದ್ದೇ ಆಗಿದ್ದರೆ ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಟಿಡಿಎಸ್ ಕಡಿತವಾದರೆ ತೆರಿಗೆ ಮುಗಿದಂತಲ್ಲ

"ಬ್ಯಾಂಕಿನ್ಯಾಗ ಕಡಕೊಂಡಾರಲ್ರಿ, ಮತ್ತೇನು ಕಟ್ಟೂದು?" ಎಂಬ ಮಾತು ರಿಟರ್ನ್ ತುಂಬುವ ಸಮಯದಲ್ಲಿ ದಿನಾಲೂ ಕೇಳಿಬರುತ್ತದೆ. ಒಂದು ಬ್ಯಾಂಕಿನ ಎಲ್ಲ ಶಾಖೆಗಳ ಬಡ್ಡಿ ಸೇರಿ ವರ್ಷಕ್ಕೆ 50,000 ದಾಟಿದರೆ, ಹಿರಿಯ ನಾಗರಿಕರಿಗೆ 1 ಲಕ್ಷ ದಾಟಿದರೆ, ಬ್ಯಾಂಕು 10% ಕಡಿತ ಮಾಡುತ್ತದೆ. ಪ್ಯಾನ್ ಕೊಡದಿದ್ದರೆ 20%. ಇದು ಮುಂಗಡ ಕಡಿತ ಮಾತ್ರ. ಮೇಲಿನ ಉಪನ್ಯಾಸಕಿಗೆ 66,602ರ ಮೇಲೆ ಕಡಿತವಾಗುವುದು 6,660, ಕಟ್ಟಬೇಕಾದ್ದು 22,464. ಬಾಕಿ 15,804. ಬಾಕಿ 10,000 ಮುಟ್ಟಿದರೆ ಅಡ್ವಾನ್ಸ್ ಟ್ಯಾಕ್ಸ್ ಕಂತುಗಳಲ್ಲಿ ಕಟ್ಟಬೇಕು, ಇಲ್ಲದಿದ್ದರೆ ಬಡ್ಡಿ ಬೀಳುತ್ತದೆ. ಸುಲಭದ ದಾರಿ ಎಂದರೆ ವರ್ಷದ ನಡುವೆಯೇ ಸಂಬಳ ಬಟವಾಡೆ ಮಾಡುವ ಅಧಿಕಾರಿ ಡಿಡಿಓಗೆ ಬಡ್ಡಿಯ ಅಂದಾಜು ಬರೆದುಕೊಟ್ಟು ಸಂಬಳದಲ್ಲೇ ಕಡಿತ ಮಾಡಿಸುವುದು.

ಎಫ್‌ಡಿಯನ್ನು ಎರಡು ಬ್ಯಾಂಕುಗಳಲ್ಲಿ ಒಡೆದಿಟ್ಟರೆ ಟಿಡಿಎಸ್ ತಪ್ಪಬಹುದು, ತೆರಿಗೆ ತಪ್ಪುವುದಿಲ್ಲ. ಬ್ಯಾಂಕುಗಳು ವರದಿ ಮಾಡಿದ ಬಡ್ಡಿ ತೆರಿಗೆ ಇಲಾಖೆಯಲ್ಲಿರುವ ನಿಮ್ಮ ವಾರ್ಷಿಕ ಮಾಹಿತಿ ಪತ್ರ ಎಐಎಸ್‌ನಲ್ಲಿ ಕಾಣುತ್ತದೆ. 5 ಲಕ್ಷದ ವಿಮೆಗಾಗಿ ಒಡೆದಿಡುವುದಾದರೆ ಒಳ್ಳೆಯದು, ಆ ಕಾರಣಕ್ಕೆ ಮಾಡಿ.

ಬಡ್ಡಿಯನ್ನು ಐದು ವರ್ಷದ ಕೊನೆಗೆ ಒಟ್ಟಿಗೆ ತೋರಿಸುವ ಯೋಚನೆಯೂ ನಷ್ಟದ್ದೇ. ಬ್ಯಾಂಕು ವರ್ಷವರ್ಷವೂ ಬಡ್ಡಿ ಲೆಕ್ಕ ಹಾಕಿ ಟಿಡಿಎಸ್ ಕಡಿದು ವರದಿ ಕಳಿಸುತ್ತದೆ. 10 ಲಕ್ಷದ ಐದು ವರ್ಷದ ಬಡ್ಡಿ 3.8 ಲಕ್ಷ ಒಂದೇ ವರ್ಷದ ಆದಾಯಕ್ಕೆ ಸೇರಿದರೆ, ಎಫ್‌ಡಿಯೇ ನಿಮ್ಮನ್ನು 12 ಲಕ್ಷದಾಚೆ ಬಹಳ ದೂರ ಒಯ್ಯುತ್ತದೆ.

ತೆರಿಗೆರಹಿತ ಬಾಂಡ್: ಕೂಪನ್ ನೋಡಿ ಮೋಸಹೋಗಬೇಡಿ

ಎನ್‌ಎಚ್‌ಎಐ, ಆರ್‌ಇಸಿ, ಐಆರ್‌ಎಫ್‌ಸಿ, ಹುಡ್ಕೋ ಮುಂತಾದವು ಹಿಂದೆ ಬಿಟ್ಟ ತೆರಿಗೆರಹಿತ ಬಾಂಡುಗಳು ಈಗ ಷೇರು ಮಾರುಕಟ್ಟೆಯಲ್ಲಿ ಮಾತ್ರ ಸಿಗುತ್ತವೆ, ಡಿಮ್ಯಾಟ್ ಖಾತೆ ಬೇಕು. 1,000 ರೂಪಾಯಿ ಮುಖಬೆಲೆಯ, 8% ಕೂಪನ್ನಿನ, ಅಂದರೆ ಮುಖಬೆಲೆಯ ಮೇಲೆ ವರ್ಷಕ್ಕೆ 8% ಬಡ್ಡಿಯ ಬಾಂಡ್ 1,130ಕ್ಕೆ ಸಿಕ್ಕಿತು, ಮುಗಿಯಲು 6 ವರ್ಷ ಇದೆ ಎನ್ನೋಣ. ವರ್ಷಕ್ಕೆ 80 ಬರುತ್ತದೆ, ಆದರೆ ಕೊನೆಗೆ ಕೈಗೆ ಬರುವುದು 1,000 ಮಾತ್ರ, 130 ಹೋಯಿತು. ಅದನ್ನು ಸೇರಿಸಿ ಲೆಕ್ಕ ಹಾಕಿದರೆ ನಿಜವಾದ ಇಳುವರಿ ಸುಮಾರು 5.4%. 15.6% ಹಂತದವರಿಗೆ 5.62% ಉಳಿಸುವ ಎಫ್‌ಡಿಯೇ ಇದಕ್ಕಿಂತ ಮೇಲು. 20.8% ಹಂತದವರಿಗೆ ಎಫ್‌ಡಿ ಉಳಿಸುವುದು 5.27%, ಅವರಿಗೆ ಬಾಂಡ್ ತುಸು ಮೇಲು. 31.2% ಹಂತದವರಿಗೆ ಸ್ಪಷ್ಟವಾಗಿ ಬಾಂಡ್. ಇವುಗಳ ವಹಿವಾಟು ಕಡಿಮೆ, ಆದ್ದರಿಂದ ಬೆಲೆ ನಮೂದಿಸಿಯೇ ಆರ್ಡರ್ ಹಾಕಬೇಕು.

ಪಿಪಿಎಫ್ ಯಾವಾಗ ಬೇಡ

ಹದಿನೈದು ವರ್ಷದ ಕಟ್ಟು ಸಣ್ಣದಲ್ಲ. ಭಾಗಶಃ ಹಣ ತೆಗೆಯಲು ಏಳನೇ ಹಣಕಾಸು ವರ್ಷದವರೆಗೆ ಕಾಯಬೇಕು, ಆಗಲೂ ನಾಲ್ಕು ವರ್ಷ ಹಿಂದಿನ ಶಿಲ್ಕಿನ ಅಥವಾ ಹಿಂದಿನ ವರ್ಷದ ಶಿಲ್ಕಿನ ಅರ್ಧ, ಯಾವುದು ಕಡಿಮೆಯೋ ಅದು. ದರವೂ ನಿಮಗೆ ಮಾತು ಕೊಟ್ಟಿದ್ದಲ್ಲ. 2020ರ ಏಪ್ರಿಲಿನಿಂದ 7.1% ಇದ್ದರೂ ಸರ್ಕಾರ ಮೂರು ತಿಂಗಳಿಗೊಮ್ಮೆ ಅದನ್ನು ಪರಿಶೀಲಿಸುತ್ತದೆ. ಎಫ್‌ಡಿಯಲ್ಲಿ ದರ ಅವಧಿ ಮುಗಿಯುವವರೆಗೆ ಬದಲಾಗುವುದಿಲ್ಲ. ಮಗಳ ಮದುವೆ, ಮನೆ ಕಟ್ಟುವುದು ಎರಡು ಮೂರು ವರ್ಷದಲ್ಲಿದ್ದರೆ ಆ ಹಣವನ್ನು ಹೊಸ ಪಿಪಿಎಫ್ ಖಾತೆಗೆ ಹಾಕಬೇಡಿ. ಖಾತೆ ಹತ್ತು ಹನ್ನೆರಡು ವರ್ಷ ಹಳೆಯದಾಗಿದ್ದರೆ ಮಾತು ಬೇರೆ, ಈಗ ಹಾಕಿದ ಹಣವೂ ಖಾತೆಯ ವಯಸ್ಸಿಗೆ ತಕ್ಕಂತೆ ಬೇಗ ಬಿಡುಗಡೆಯಾಗುತ್ತದೆ. ಅದಕ್ಕೇ, ಈಗ ಹಣವಿಲ್ಲದಿದ್ದರೂ 500 ರೂಪಾಯಿ ಹಾಕಿ ಖಾತೆ ತೆರೆದಿಡುವುದು, ವರ್ಷಕ್ಕೆ 500 ತಪ್ಪದೆ ಹಾಕುವುದು ಬುದ್ಧಿವಂತಿಕೆ.

ಬಡ್ಡಿ ಸೇರಿದರೂ 12 ಲಕ್ಷದೊಳಗೇ ನಿಲ್ಲುವವರಿಗೆ ತೆರಿಗೆ ಸೊನ್ನೆ, ಅವರಿಗೆ ಎಫ್‌ಡಿಯ 6.66% ಪೂರ್ತಿ ಉಳಿಯುತ್ತದೆ. ಅವರು ತೆರಿಗೆಗೆ ಹೆದರಿ ಹಣ ಕಟ್ಟಿಹಾಕುವುದು ಬೇಡ. ನಿವೃತ್ತರಾಗಿ 60 ದಾಟಿದವರು ಈ ಗುಂಪಿನಲ್ಲಿದ್ದರೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ 8.2% ಎರಡಕ್ಕಿಂತಲೂ ಮೇಲು. ಅದರ ಬಡ್ಡಿಗೆ ತೆರಿಗೆ ಇದ್ದರೂ ಅವರ ಮಟ್ಟಿಗೆ ಅದು ಸೊನ್ನೆಯೇ.

12 ಲಕ್ಷದ ಗಡಿಯ ಆಸುಪಾಸಿನಲ್ಲಿರುವವರು ಪ್ರತಿ ವರ್ಷ ಇಂಕ್ರಿಮೆಂಟ್ ಆದ ಮೇಲೆ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಅದೇ ಉಪನ್ಯಾಸಕಿಯ ಸಂಬಳ 13 ಲಕ್ಷಕ್ಕೆ ಏರಿತು ಎನ್ನಿ. ಸಂಬಳವೇ 12.25 ಲಕ್ಷಕ್ಕೆ ಬಂದು ನಿಲ್ಲುತ್ತದೆ, ಬರೀ ಸಂಬಳಕ್ಕೆ ತೆರಿಗೆ 26,000. ಹಳೆಯ 10 ಲಕ್ಷದ ಎಫ್‌ಡಿ ಹಾಗೇ ಇದ್ದರೆ ಆದಾಯ 12,91,600, ತೆರಿಗೆ 76,690. ಅಂದರೆ 66,602 ಬಡ್ಡಿಯಲ್ಲಿ 50,690 ತೆರಿಗೆಗೆ ಹೋಗಿ 15,912 ಮಾತ್ರ ಕೈಗೆ, 1.59%. ಈ ವರ್ಷ ಎಫ್‌ಡಿಯನ್ನು ಸ್ವಲ್ಪ ಇಳಿಸಿದರೂ ಸಾಲದು, ಏಕೆಂದರೆ 45,000 ಬಡ್ಡಿಯ ಜಾಗ ಸಂಬಳದಿಂದಲೇ ತುಂಬಿಹೋಗಿದೆ. ಮುಂದೆ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಸಂಬಳವೊಂದೇ 12,70,588 ದಾಟಿದ ಮೇಲೆ ಬಡ್ಡಿಯ ಮೇಲಿನ ದರ 15.6%ಗೆ ಇಳಿದು, ಉಳಿಯುವ ದರ ಮತ್ತೆ 5.62%ಗೆ ಏರುತ್ತದೆ. ಆದ್ದರಿಂದ ಈ ಎರಡು ಮೂರು ವರ್ಷಗಳಲ್ಲಿ ಮುಗಿಯುವ ಎಫ್‌ಡಿಗಳನ್ನು ತಾನಾಗಿ ನವೀಕರಣವಾಗಲು ಬಿಡಬೇಡಿ. ಆಟೋ ರಿನ್ಯೂವಲ್ ತೆಗೆಸಿ, ಮುಗಿಯುವ ದಿನಾಂಕವನ್ನು ಸಾಧ್ಯವಾದಷ್ಟು ಮಾರ್ಚ್ ಕೊನೆಯ ವಾರಕ್ಕೆ ಹೊಂದಿಸಿ. ನಡುವೆ ಮುರಿಸಬೇಕಾದರೆ ಬ್ಯಾಂಕು ಎಷ್ಟು ಬಡ್ಡಿ ಕಡಿತ ಮಾಡುತ್ತದೆ ಎಂದು ಮೊದಲು ಕೇಳಿ, ಆ ಮೊತ್ತವನ್ನು ಉಳಿತಾಯವಾಗುವ ತೆರಿಗೆಯ ಎದುರು ಇಟ್ಟು ನೋಡಿ ತೀರ್ಮಾನಿಸಿ.